ಏರ್ ಫ್ರೈಯರಾ, ಮೈಕ್ರೋವೇವಾ? ಮೂವರ ಮನೆಯಲ್ಲಿ ಎರಡನ್ನೂ ಬಳಸಿದ ಮೇಲೆ

ಮೈಸೂರಿನ ನಮ್ಮ ಮನೆಯಲ್ಲಿ ನಾನು, ಹೆಂಡತಿ, ಹೈಸ್ಕೂಲಿಗೆ ಹೋಗುವ ಮಗಳು. 20 ಲೀಟರಿನ ಸಾದಾ ಮೈಕ್ರೋವೇವ್ ಮೊದಲಿನಿಂದಲೂ ಇದೆ. ಆಮೇಲೆ 4 ಲೀಟರಿನ ಏರ್ ಫ್ರೈಯರ್ ತಂದೆವು. ಅಂಗಡಿಯವರು ಲೀಟರ್, ವ್ಯಾಟ್ ಅಂತ ಎರಡು ಅಂಕಿ ಹೇಳಿ ಕಳಿಸುತ್ತಾರೆ. ಆ ಅಂಕಿಗಳು ಅಡುಗೆಮನೆಯಲ್ಲಿ ಏನಾಗುತ್ತವೆ ಅನ್ನುವುದು ತಿಳಿಯಲು ಸ್ವಲ್ಪ ಕಾಲ ಬೇಕು.

ಮೊದಲು ಏರ್ ಫ್ರೈಯರಿನ ಲೀಟರ್. 4 ಲೀಟರ್ ಅಂದರೆ ಬುಟ್ಟಿಯನ್ನು ಬಾಯಿವರೆಗೆ ತುಂಬಿದಾಗಿನ ಲೆಕ್ಕ. ಆದರೆ ಹಾಗೆ ತುಂಬಿದರೆ ಪದಾರ್ಥ ಬೇಯುತ್ತದೆ, ಗರಿಗರಿ ಆಗುವುದಿಲ್ಲ. ಬಿಸಿಗಾಳಿ ಪ್ರತಿ ತುಂಡಿನ ಸುತ್ತ ಸುಳಿದು ಮೇಲಿನ ತೇವ ಒಣಗಿಸಿದರೆ ಮಾತ್ರ ಕಂದು ಬಣ್ಣ ಬರುವುದು. ನಾವು ಆಲೂಗಡ್ಡೆಯನ್ನು ಬೆರಳುದ್ದ ಹೆಚ್ಚಿ, ಅರ್ಧ ಗಂಟೆ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಒಂದು ಚಮಚ ಎಣ್ಣೆ ಸವರಿ 180 ಡಿಗ್ರಿಯಲ್ಲಿ ಇಡುತ್ತೇವೆ. ಸುಮಾರು 300 ಗ್ರಾಂ ಹಾಕಿ, ನಡುವೆ ಒಮ್ಮೆ ಕುಲುಕಿದರೆ 20 ನಿಮಿಷದಲ್ಲಿ ಸೊಗಸಾಗಿ ಬರುತ್ತದೆ. ಅದೇ ಅರ್ಧ ಕೆಜಿ ಒಟ್ಟಿಗೆ ಹಾಕಿದರೆ ಕೆಳಗಿನವು ಮೇಲಿನವುಗಳ ಹಬೆಯಲ್ಲೇ ಬೆಂದು ಮೆತ್ತಗಾಗುತ್ತವೆ. ಹಾಗಾಗಿ ಮೂವರಿಗೂ ಬೇಕಾದಷ್ಟು ಮಾಡಲು ಎರಡು ಸಲ ಇಡಲೇಬೇಕು. ಅಂಗಡಿಯಲ್ಲಿ ಲೀಟರ್ ಕೇಳುವ ಬದಲು ಬುಟ್ಟಿ ಎಳೆದು ತಳ ಎಷ್ಟು ಅಗಲ ಇದೆ ನೋಡಿ. ಅದೇ ಲೀಟರಿನಲ್ಲಿ ಆಳ ಕಡಿಮೆ ಇದ್ದು ತಳ ಅಗಲ ಇರುವುದೇ ವಾಸಿ. ನಾಲ್ಕು ಜನ ಇದ್ದರೆ ನಮ್ಮ ಅಳತೆ ಸಾಲದು.

ವ್ಯಾಟ್ ವಿಷಯಕ್ಕೆ ಬಂದರೆ, ನಮ್ಮ ಏರ್ ಫ್ರೈಯರ್ 1500 ವ್ಯಾಟಿನದು. 230 ವೋಲ್ಟಿಗೆ ಭಾಗಿಸಿದರೆ ಆರೂವರೆ ಆಂಪಿಯರ್. ಅಂದರೆ ಮಿಕ್ಸಿ ಹಾಕುವ 6 ಆಂಪಿಯರ್ ಸಾಕೆಟ್ ಸಾಲದು, 16 ಆಂಪಿಯರಿನ ದೊಡ್ಡ ಪಾಯಿಂಟೇ ಬೇಕು. ಹಳೇ ಮನೆಗಳಲ್ಲಿ ಅಡುಗೆಮನೆಗೆ ಅಂಥದ್ದು ಒಂದಿದ್ದರೆ ಹೆಚ್ಚು, ಅಲ್ವಾ? ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ಓಡಿಸಬೇಡಿ, ವೈರ್ ಕಾಯುತ್ತದೆ. ಕರೆಂಟಿನ ಬಗ್ಗೆ ಜಾಸ್ತಿ ಹೆದರಬೇಕಿಲ್ಲ. 20 ನಿಮಿಷಕ್ಕೆ ಹೆಚ್ಚೆಂದರೆ ಅರ್ಧ ಯೂನಿಟ್. ಬಿಸಿ ಏರಿದ ಮೇಲೆ ಕಾಯಿಲ್ ಆಗಾಗ ಆಫ್ ಆಗುವುದರಿಂದ ಅದಕ್ಕಿಂತ ಕಡಿಮೆಯೇ.

ಮೈಕ್ರೋವೇವಿಗೆ ಎರಡು ವ್ಯಾಟ್ ಇರುತ್ತದೆ. ಗೋಡೆಯಿಂದ ಎಳೆಯುವುದು ಒಂದು, ಆಹಾರಕ್ಕೆ ಸಿಗುವುದು ಇನ್ನೊಂದು. ನಮ್ಮದರ ಹಿಂದಿನ ಚೀಟಿಯಲ್ಲಿ 700 ವ್ಯಾಟ್ ಔಟ್‌ಪುಟ್ ಅಂತಿದೆ, ಎಳೆಯುವುದು ಅದಕ್ಕಿಂತ ಎಷ್ಟೋ ಹೆಚ್ಚು. ಅಡುಗೆಗೆ ಲೆಕ್ಕ ಔಟ್‌ಪುಟ್ಟಿನದೇ. ಇದನ್ನು ಮನೆಯಲ್ಲೇ ಅಳೆಯಬಹುದು. ಒಂದು ಲೀಟರ್ ನೀರಿನ ಬಿಸಿ ಥರ್ಮಾಮೀಟರಿನಲ್ಲಿ ನೋಡಿಕೊಂಡು, ಫುಲ್ ಪವರಿನಲ್ಲಿ ಎರಡು ನಿಮಿಷ ಇಟ್ಟು, ಕಲಕಿ, ಮತ್ತೆ ನೋಡಿ. ಎಷ್ಟು ಡಿಗ್ರಿ ಏರಿತೋ ಅದನ್ನು 35ರಿಂದ ಗುಣಿಸಿದರೆ ಸುಮಾರು ವ್ಯಾಟ್ ಬರುತ್ತದೆ. ಮಧ್ಯಾಹ್ನ ನಮ್ಮಲ್ಲಿ 25 ಇದ್ದದ್ದು 45 ಆಯಿತು, ಅಂದರೆ 700. ಸಂಜೆ ವೋಲ್ಟೇಜ್ ಇಳಿದಾಗ ಏರಿದ್ದು 17 ಡಿಗ್ರಿ ಮಾತ್ರ, 600ರ ಹತ್ತಿರ. ರಾತ್ರಿ ಅನ್ನ ಬಿಸಿಯಾಗಲು ಇನ್ನಷ್ಟು ಹೊತ್ತು ಹಿಡಿಯುವುದು ಇದಕ್ಕೇ. ಸುಮ್ನೆ ಮೆಷಿನ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಇನ್ನು ರುಚಿ. ಊರಿಗೆ ಹೋಗಿ ಬರುವಾಗ ತಂದ ಮದ್ದೂರು ವಡೆಯನ್ನು ಮೈಕ್ರೋವೇವಿನಲ್ಲಿ ಇಟ್ಟರೆ ಒಳಗಿನ ತೇವ ಹಬೆಯಾಗಿ ಹೊರಗೆ ಬಂದು ವಡೆ ಚರ್ಮದ ಹಾಗೆ ಜಗ್ಗುತ್ತದೆ. ಏರ್ ಫ್ರೈಯರಿನಲ್ಲಿ 160 ಡಿಗ್ರಿಗೆ ನಾಲ್ಕು ನಿಮಿಷ ಸಾಕು, ಎಣ್ಣೆ ಸವರುವುದೂ ಬೇಡ. ಎಣ್ಣೆಗಾಯಿಗೆ ಸೀಳಿದ ಬದನೆಕಾಯಿಯನ್ನೂ ಎಣ್ಣೆ ಸವರಿ ಇದರಲ್ಲೇ ಮುಕ್ಕಾಲು ಬೇಯಿಸಿ ಆಮೇಲೆ ಮಸಾಲೆಗೆ ಹಾಕುತ್ತೇವೆ. ಬಾಣಲೆಯ ಎಣ್ಣೆ ಅರ್ಧಕ್ಕರ್ಧ ಉಳಿಯುತ್ತದೆ. ಆದರೆ ಬಜ್ಜಿ, ಬೋಂಡಾ ಇದರ ಕೆಲಸವಲ್ಲ. ಹಿಟ್ಟು ಗಟ್ಟಿಯಾಗುವ ಮೊದಲೇ ತೂತುಗಳಿಂದ ಕೆಳಗೆ ಇಳಿದುಬಿಡುತ್ತದೆ. ಹಪ್ಪಳವನ್ನಂತೂ ಹಾಕಲೇಬೇಡಿ. ಫ್ಯಾನ್ ಗಾಳಿಗೆ ಹಾರಿ ಕಾಯಿಲಿಗೆ ತಾಗಿ ಸುಡುತ್ತದೆ. ಹಪ್ಪಳಕ್ಕೆ ಮೈಕ್ರೋವೇವೇ ಸರಿ, ಒಂದೊಂದಕ್ಕೆ ಮುಕ್ಕಾಲು ನಿಮಿಷ ಹಿಡಿಯುತ್ತದೆ. ತಂಗಳನ್ನಕ್ಕೆ ಒಂದು ಚಮಚ ನೀರು ಚಿಮುಕಿಸಿ ಮುಚ್ಚಿಟ್ಟರೆ ಹೊಸದಾಗಿ ಬಸಿದಂತೆ ಬರುತ್ತದೆ. ಹುಳಿ, ಹಾಲು, ಪಲ್ಯ ಎಲ್ಲಕ್ಕೂ ಅದೇ.

ಒಂದೇ ಕೊಳ್ಳುವುದಾದರೆ? ಬೆಳಗ್ಗೆಯೇ ಅಡುಗೆ ಮಾಡಿಟ್ಟು ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ 20 ಲೀಟರಿನ ಸಾದಾ ಮೈಕ್ರೋವೇವ್. ಗ್ಯಾಸಿನಲ್ಲಿ ಬಿಸಿ ಮಾಡಲು ಬೇಜಾರಿಲ್ಲ, ಸಂಜೆ ಕುರುಕಲು ಬೇಕು ಅನ್ನುವವರಿಗೆ ಏರ್ ಫ್ರೈಯರ್. ನಮ್ಮ ಮನೆಯಲ್ಲಿ ಒಂದನ್ನು ಕೊಡಬೇಕಾದರೆ ನಾನು ಏರ್ ಫ್ರೈಯರ್ ಕೊಡುತ್ತೇನೆ, ಮಗಳು ಒಪ್ಪುವುದಿಲ್ಲ.

ಇಷ್ಟು ಕಾಲದಲ್ಲಿ ಹಾಳಾಗಿರುವುದು ಏರ್ ಫ್ರೈಯರ್ ಬುಟ್ಟಿಯ ಕೋಟಿಂಗ್ ಮಾತ್ರ, ಮೂಲೆಗಳಲ್ಲಿ ಏಳುತ್ತಿದೆ. ಕೊಳ್ಳುವಾಗಲೇ ಬುಟ್ಟಿ ಬಿಡಿಯಾಗಿ ಸಿಗುತ್ತದೆಯೇ, ಅದರ ಬೆಲೆ ಎಷ್ಟು ಅಂತ ಕೇಳಿಕೊಳ್ಳಿ.