ಮಾಲ್ಟ್ ಪುಡಿಯೋ, ಕೋಕೋವೋ? ಒಂದು ಲೋಟ ಹಾಲಿಗೆ ಸೇರುವ ಸಕ್ಕರೆ

ಮಕ್ಕಳ ಹಾಲಿಗೆ ಬೆರೆಸುವ ಮೂರು ಪುಡಿಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, 200 ಮಿಲಿ ಹಾಲಿಗೆ ಹಾಕಿ ಕುಡಿದು ನೋಡಿದೆ. ಒಂದು ಮಾಮೂಲಿ ಚಾಕೊಲೇಟ್ ಮಾಲ್ಟ್, ಇನ್ನೊಂದು ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆದಿರುವ ಮಾಲ್ಟ್, ಮತ್ತೊಂದು ಸಿಹಿ ಇಲ್ಲದ ಕೋಕೋ.

ಮಾಮೂಲಿ ಮಾಲ್ಟ್ ಡಬ್ಬಿಯ ಹಿಂದೆ, 100 ಗ್ರಾಂ ಪುಡಿಯಲ್ಲಿ ಸೇರಿಸಿದ ಸಕ್ಕರೆ 32 ಗ್ರಾಂ ಅಂತಿತ್ತು. ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲು. ಒಂದು ಸಲಕ್ಕೆ 20 ಗ್ರಾಂ ಪುಡಿ ಸಾಕು ಅನ್ನುತ್ತದೆ ಡಬ್ಬಿ. ಆ ಲೆಕ್ಕದಲ್ಲಿ ಲೋಟಕ್ಕೆ 6.4 ಗ್ರಾಂ ಸಕ್ಕರೆ. ಆದರೆ ಚಮಚವನ್ನು ಸವರಿ ಹಾಕುವವರು ಕಮ್ಮಿ, ಅಲ್ವಾ? ತುಂಬಿ ತುಳುಕುವ ಎರಡು ಚಮಚ ತೂಗಿದಾಗ 28 ಗ್ರಾಂ ಬಂತು. ಸಕ್ಕರೆ 9 ಗ್ರಾಂಗೆ ಏರಿತು. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಅಂದರೆ 18 ಗ್ರಾಂ.

ಇಂಥ ಸಕ್ಕರೆ ದಿನದ ಕ್ಯಾಲರಿಯಲ್ಲಿ ಶೇ. 10ರ ಒಳಗಿರಬೇಕು, ಶೇ. 5ರ ಒಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 1400 ಕ್ಯಾಲರಿ ಬೇಕಾಗುವ ಮಗುವಿಗೆ ಶೇ. 5 ಅಂದರೆ 17.5 ಗ್ರಾಂ. ಬಿಸ್ಕತ್ತು ಮುಟ್ಟುವ ಮೊದಲೇ ಆ ಗಡಿ ದಾಟಿಯಾಯಿತು. ಹಾಲಿನಲ್ಲೇ ಇರುವ ಲ್ಯಾಕ್ಟೋಸನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ, ಆ ಬಗ್ಗೆ ಚಿಂತೆ ಬೇಡ.

‘ಸಕ್ಕರೆ ಸೇರಿಸಿಲ್ಲ’ ಅನ್ನುವ ಮಾಲ್ಟ್ ಅರ್ಧ ನಿಜ ಹೇಳುತ್ತದೆ. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ. ಮೊಳಕೆಯೊಡೆದಾಗ ಅದರ ಪಿಷ್ಟ ಒಡೆದು ಮಾಲ್ಟೋಸ್ ಎಂಬ ಸಕ್ಕರೆಯಾಗುತ್ತದೆ. ಹಾಗಾಗಿ ‘ಒಟ್ಟು ಸಕ್ಕರೆ’ ಸಾಲನ್ನು ನೋಡಲೇಬೇಕು. ನಾನು ತಂದ ಡಬ್ಬಿಯಲ್ಲಿ ಅದು 100 ಗ್ರಾಂಗೆ 14 ಗ್ರಾಂ ಇತ್ತು. 20 ಗ್ರಾಂ ಪುಡಿ ಹಾಕಿದರೆ 3 ಗ್ರಾಂ ಒಳಗೇ. ಇದು ಒಳ್ಳೆಯದೇ. ಆದರೆ ಸಾಮಗ್ರಿಗಳ ಪಟ್ಟಿಯಲ್ಲಿ ಎರಡನೇ ಹೆಸರೇ ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ಪಿಷ್ಟವನ್ನು ಒಡೆದು ಮಾಡಿದ ಪುಡಿ. ಅದನ್ನು ಸಕ್ಕರೆಯ ಸಾಲಿನಲ್ಲಿ ತೋರಿಸುವುದಿಲ್ಲ, ಹೊಟ್ಟೆಗೆ ಹೋದ ಮೇಲೆ ಮಾತ್ರ ಬೇಗ ಗ್ಲೂಕೋಸ್ ಆಗಿಬಿಡುತ್ತದೆ. ರುಚಿ ಸಪ್ಪೆ, ಮಾಲ್ಟ್ ಘಮ ಚೆನ್ನಾಗಿದೆ.

ನನ್ನ ಆಯ್ಕೆ ಕೋಕೋ. ಒಂದು ಚಮಚ ಪುಡಿಯಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ಕಹಿ ಇದೆ, ಸುಮ್ನೆ ಹಾಲಿಗೆ ಸುರಿದರೆ ಒಣ ಗಂಟುಗಳು ಮೇಲೆ ತೇಲುತ್ತವೆ. ಅದಕ್ಕೆ ಲೋಟದ ತಳದಲ್ಲಿ ಕೋಕೋ, ಸವರಿದ ಒಂದು ಟೀ ಚಮಚ ಸಕ್ಕರೆ, ಎರಡು ಚಮಚ ಬಿಸಿ ಹಾಲು ಹಾಕಿ ನುಣ್ಣಗೆ ಕಲಸಬೇಕು. ಆಮೇಲೆ ಉಳಿದ ಹಾಲು. ಸಕ್ಕರೆ 4 ಗ್ರಾಂ ಮಾತ್ರ, ಅದೂ ನಮ್ಮ ಕೈಯಲ್ಲೇ. ಕೆಲವು ದಿನ ಬಿಟ್ಟು ಮುಕ್ಕಾಲು ಚಮಚ, ಆಮೇಲೆ ಅರ್ಧ ಚಮಚಕ್ಕೆ ಇಳಿಸಬಹುದು. ಡಬ್ಬಿಯಿಂದ ಸಕ್ಕರೆಯನ್ನಷ್ಟೇ ತೆಗೆಯಲು ಆಗುವುದಿಲ್ಲವಲ್ಲ.

ಮಾಲ್ಟ್ ಪುಡಿಗೆ ಬೆರೆಸುವ ವಿಟಮಿನ್, ಕಬ್ಬಿಣ ಕೋಕೋ ಹಾಲಿನಲ್ಲಿ ಸಿಗುವುದಿಲ್ಲ. ಆ ಕೊರತೆಗೆಂದೇ ಪುಡಿ ಕೊಡುತ್ತಿದ್ದರೆ, ಬದಲಾಯಿಸುವ ಮೊದಲು ಡಾಕ್ಟರನ್ನು ಕೇಳಿ. ಸಕ್ಕರೆ ಬದಲು ಜೇನುತುಪ್ಪ ಹಾಕಿದರೂ ಅದನ್ನು ಇದೇ ಲೆಕ್ಕಕ್ಕೆ ಹಿಡಿಯಬೇಕು.