ಆಧಾರ್‌ಗೆ ಮೊಬೈಲ್ ನಂಬರ್ ಸೇರಿಸುವಾಗ ಬಾಯಲ್ಲಿ ಹೇಳಿ ಕೂರಬೇಡಿ

ಇದನ್ನು ಬರೆಯಲು ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ, ಇನ್ನೊಬ್ಬರು ಹೀಗೆ ಒದ್ದಾಡಬಾರದು.

2024ರ ಮೇ ತಿಂಗಳಲ್ಲಿ ಅಪ್ಪನ ಆಧಾರ್‌ಗೆ ಹೊಸ ಮೊಬೈಲ್ ನಂಬರ್ ಸೇರಿಸಲು ಕರೆದುಕೊಂಡು ಹೋಗಿದ್ದೆ. ಆಗ ಶುಲ್ಕ 50 ರೂಪಾಯಿ. ಫಾರಂನಲ್ಲಿ ನಂಬರ್ ಬರೆದೇ ಕೊಟ್ಟಿದ್ದೆವು. ಆದರೆ ಕಂಪ್ಯೂಟರ್ ಮುಂದೆ ಕೂತ ಹುಡುಗ ಫಾರಂ ಕಡೆ ನೋಡಲೇ ಇಲ್ಲ. "ನಂಬರ್ ಹೇಳಿ ಸರ್" ಅಂದ. ಹಿಂದೆ ದೊಡ್ಡ ಸಾಲು, ಮಕ್ಕಳ ಅಳು, ಫ್ಯಾನಿನ ಸದ್ದು. ಅಪ್ಪ ತಮ್ಮ ರೂಢಿಯಂತೆ ಎರಡೆರಡು ಅಂಕಿ ಸೇರಿಸಿ ಹೇಳಿದರು. ಮೂರನೇ ಜೋಡಿ ಎಪ್ಪತ್ತಾರು. ಅವನು ಒತ್ತಿದ್ದು ಎಂಬತ್ತಾರು.

ನಮ್ಮ ಕಡೆ ತಿರುಗಿರಬೇಕಾದ ಎರಡನೇ ಪರದೆ ಆಫ್ ಆಗಿತ್ತು. ರಸೀದಿ ಬಂತು, ಅಪ್ಪ ಸಹಿ ಹಾಕಿದರು. ನಾನು ಹೆಸರು ಮಾತ್ರ ನೋಡಿದೆ. ಹೆಸರು ಮಾತ್ರ!

ಕೆಲವು ದಿನ ಬಿಟ್ಟು ಸೈಟಿನಲ್ಲಿ ನೋಡಿದರೆ ಅಪ್‌ಡೇಟ್ ಮುಗಿದಿದೆ ಅಂತ ಇತ್ತು. ಅಪ್ಪನ ಫೋನಿಗೆ ಆ ಬಗ್ಗೆ ಮೆಸೇಜ್ ಬರಲೇ ಇಲ್ಲ. ಅಲ್ಲೇ ಅನುಮಾನ ಬರಬೇಕಿತ್ತು.

ಜುಲೈನಲ್ಲಿ ಅಪ್ಪನ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದೆ. ಮೂವತ್ತು ದಿನದೊಳಗೆ ಇ-ವೆರಿಫೈ ಮಾಡಬೇಕು, ಅದಕ್ಕೆ ಆಧಾರ್ ಒಟಿಪಿ ಆರಿಸಿದೆ. ಒಟಿಪಿ ಬರಲಿಲ್ಲ. ನೆಟ್‌ವರ್ಕ್ ಇರಲಿಕ್ಕಿಲ್ಲ ಅಂದುಕೊಂಡು ಅಪ್ಪನನ್ನು ಮಹಡಿ ಮೇಲೆ ಕಳಿಸಿದೆ. ಮರುದಿನವೂ ಇಲ್ಲ. ಆಧಾರ್ ಸೈಟಿನಲ್ಲಿ ಪ್ರಯತ್ನಿಸಿದೆ. ಒಟಿಪಿ ಕಳಿಸಿದ ನಂಬರಿನ ಮೊದಲ ಆರು ಅಂಕಿಗಳ ಜಾಗದಲ್ಲಿ ಚುಕ್ಕಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತಿತ್ತು. ಆ ನಾಲ್ಕೂ ಸರಿಯಾಗಿದ್ದವು! ನಾನು ಮೋಸ ಹೋಗಿದ್ದು ಇಲ್ಲೇ. ಕೊನೆಯ ನಾಲ್ಕು ಸರಿ ಇದ್ದರೆ ನಂಬರ್ ಸರಿ ಅಂತ ನಂಬಿದೆ. ತಪ್ಪು ಇದ್ದದ್ದು ಚುಕ್ಕಿಗಳ ಹಿಂದೆ. ಮೂರು ದಿನ ಸಿಮ್ ತೆಗೆದು ಹಾಕಿದೆ, ಫೋನ್ ಆಫ್ ಮಾಡಿ ಆನ್ ಮಾಡಿದೆ, ಕಂಪನಿಯವರಿಗೆ ಬೈದೆ.

ಕೊನೆಗೆ ಆಧಾರ್ ಸೈಟಿನ Verify Email/Mobile ಅನ್ನುವಲ್ಲಿ ಅಪ್ಪನ ನಂಬರ್ ಹಾಕಿದೆ. ದಾಖಲೆಯೊಂದಿಗೆ ಹೊಂದುತ್ತಿಲ್ಲ ಅಂತ ಬಂತು. ರಸೀದಿ ಹುಡುಕಿ ತೆಗೆದೆ. 86.

ಆ ನಂಬರಿಗೆ ಫೋನ್ ಮಾಡಿದೆ. ಯಾರೋ ಒಬ್ಬರು ಎತ್ತಿದರು. "ಅಣ್ಣ, ನಮ್ಮ ಒಟಿಪಿ ನಿಮಗೆ ಬರ್ತಾ ಇದೆ, ಸ್ವಲ್ಪ ಹೇಳ್ತೀರಾ?" ಅಂದೆ. "ಒಟಿಪಿ ಕೇಳೋಕೆ ಫೋನ್ ಮಾಡ್ತೀಯಾ? ಪೊಲೀಸರಿಗೆ ಕೊಡ್ತೀನಿ ನಿನ್ನ ನಂಬರ್" ಅಂತ ಇಟ್ಟರು. ಅವರದೇನೂ ತಪ್ಪಿಲ್ಲ. ನಾನಾದರೂ ಹಾಗೇ ಹೇಳುತ್ತಿದ್ದೆ. ಆದರೆ ಆ ಮನುಷ್ಯ ಒಳ್ಳೆಯವರು. ಬೇರೆ ಯಾರ ಕೈಗಾದರೂ ಆ ಮೆಸೇಜುಗಳು ಹೋಗಿದ್ದರೆ?

ಕೇಂದ್ರಕ್ಕೆ ಹೋಗಿ ರಸೀದಿ ತೋರಿಸಿದೆ.

"ನೀವೇ ಹೇಳಿದ ನಂಬರ್ ಸರ್."

"ಫಾರಂನಲ್ಲಿ 76 ಅಂತ ಬರೆದಿದ್ವಲ್ಲ?"

"ಸಹಿ ನಿಮ್ದೇ ಅಲ್ವಾ? ಟೋಕನ್ ತಗೊಳ್ಳಿ, ಮತ್ತೆ ಐವತ್ತು ಆಗುತ್ತೆ."

ಸಹಿ ನಮ್ಮದೇ. ಅದಕ್ಕೇ ಹೊಟ್ಟೆ ಉರಿಯುವುದು.

ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಆಧಾರ್ ನಂಬರಿನ ಹನ್ನೆರಡನೇ ಅಂಕಿ ಮೊದಲ ಹನ್ನೊಂದರಿಂದ ಲೆಕ್ಕ ಹಾಕಿ ಬರುವಂಥದ್ದು. ಒಂದು ಅಂಕಿ ತಪ್ಪು ಒತ್ತಿದರೂ, ಪಕ್ಕಪಕ್ಕದ ಎರಡು ಅಂಕಿ ಅದಲು ಬದಲಾದರೂ ಲೆಕ್ಕ ಕೂಡುವುದಿಲ್ಲ, ಸೈಟು ಅಲ್ಲೇ ತಡೆಯುತ್ತದೆ. ಮೊಬೈಲ್ ನಂಬರಿಗೆ ಅಂಥ ಕಾವಲು ಇಲ್ಲ. ಹತ್ತು ಅಂಕಿ ತುಂಬಿದರೆ ಆಯಿತು, 76ರ ಬದಲು 86 ಒತ್ತಿದರೆ ಅದೂ ಯಾರದೋ ನಂಬರ್. ಕಂಪ್ಯೂಟರ್ ತಪ್ಪು ಹಿಡಿಯುತ್ತದೆ ಅಂತ ಕಾಯಬೇಡಿ.

ರಿಟರ್ನ್ ಅಂತೂ ಹಾಗೇ ಬಿಡುವಂತಿರಲಿಲ್ಲ. ಇ-ವೆರಿಫೈ ಬದಲು ಸಹಿ ಮಾಡಿ ಕಳಿಸುವ ಐಟಿಆರ್-ವಿ ಫಾರಂ ಪ್ರಿಂಟ್ ತೆಗೆದು, ಅಪ್ಪನ ಸಹಿ ಹಾಕಿಸಿ, ಬೆಂಗಳೂರಿನಲ್ಲಿರುವ ಆದಾಯ ತೆರಿಗೆ ಇಲಾಖೆಯ ಸಿಪಿಸಿ ಕಚೇರಿಗೆ ಸ್ಪೀಡ್ ಪೋಸ್ಟ್ ಮಾಡಿದೆ.

ನೀವು ಹೋಗುವುದಾದರೆ ಎಪ್ಪತ್ತು, ಎಂಬತ್ತು ಅಂತ ಜೋಡಿಯಲ್ಲಿ ಹೇಳಲೇಬೇಡಿ. ಏಳು, ಆರು ಅಂತ ಒಂದೊಂದೇ ಅಂಕಿ ಹೇಳಿ. ಅದಕ್ಕಿಂತ ಚೀಟಿಯಲ್ಲಿ ದಪ್ಪಗೆ ಬರೆದು ಕೈಗೆ ಕೊಡುವುದು ಒಳ್ಳೆಯದು. ರಸೀದಿಯ ಹತ್ತೂ ಅಂಕಿ ಓದಿ ಆಮೇಲೆ ಸಹಿ ಹಾಕಿ. ಹಿಂದಿನವರು ಗೊಣಗಿದರೆ ಗೊಣಗಲಿ. ಅಪ್‌ಡೇಟ್ ಆದ ಮೇಲೆ Verify ಪುಟದಲ್ಲಿ ಪೂರ್ತಿ ನಂಬರ್ ಹಾಕಿ ನೋಡಿ, ಕೊನೆಯ ನಾಲ್ಕನ್ನು ನಂಬಬೇಡಿ.

ಎರಡನೇ ಸಲ ಹೋದಾಗ ಆ ಪರದೆ ಆನ್ ಮಾಡಿಸಿದೆ. ಹುಡುಗ ಮುಖ ಗಂಟು ಹಾಕಿಕೊಂಡ. ನಾನು ಪ್ರತಿ ಅಂಕಿಯನ್ನೂ ಜೋರಾಗಿ ಓದಿ ಮುಗಿಸುವವರೆಗೂ ಅಪ್ಪ ಪೆನ್ನು ಮುಟ್ಟಲಿಲ್ಲ.