ಕ್ರಿಯಾಟಿನಿನ್ ಮತ್ತು ಕ್ಲಿಯರೆನ್ಸ್: ಪಿಯರ್ಸನ್ ಗುಣಾಂಕವೋ, ಸ್ಪಿಯರ್‌ಮನ್ ಗುಣಾಂಕವೋ?

ಎರಡು ಪ್ರಯೋಗಾಲಯ ಅಳತೆಗಳ ನಡುವಿನ ಸಂಬಂಧವನ್ನು ಅಳೆಯುವಾಗ ಪಿಯರ್ಸನ್‌ನ ರೇಖೀಯ ಸಹಸಂಬಂಧ ಮತ್ತು ಅಳತೆಗಳ ಏರಿಳಿತದ ಕ್ರಮವನ್ನಷ್ಟೇ ನೋಡುವ ಸ್ಪಿಯರ್‌ಮನ್‌ನ ಶ್ರೇಣಿ ಸಹಸಂಬಂಧ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಿಸುತ್ತವೆ. ಇದನ್ನು ಪರೀಕ್ಷಿಸಲು ಸ್ನಾಯುಗಳಿಂದ ರಕ್ತಕ್ಕೆ ಸೇರುವ ತ್ಯಾಜ್ಯವಾದ ಕ್ರಿಯಾಟಿನಿನ್ ಮತ್ತು ಅದನ್ನು ಮೂತ್ರಪಿಂಡ ರಕ್ತದಿಂದ ತೆರವುಗೊಳಿಸುವ ವೇಗವಾದ ಕ್ರಿಯಾಟಿನಿನ್ ಕ್ಲಿಯರೆನ್ಸ್‌ಗಳ ಸರಳೀಕರಿಸಿದ ಆರು ಜೋಡಿಗಳನ್ನು ನಾನೇ ರಚಿಸಿಕೊಂಡು, ಎರಡೂ ವಿಧಾನಗಳಿಂದ ಲೆಕ್ಕ ಹಾಕಿದೆ. ಕ್ರಿಯಾಟಿನಿನ್ ಪ್ರತಿ ಡೆಸಿಲೀಟರಿಗೆ 0.8, 1.0, 1.5, 2.0, 4.0 ಮತ್ತು 8.0 ಮಿಲಿಗ್ರಾಂ, ಕ್ಲಿಯರೆನ್ಸ್ ಅದೇ ಕ್ರಮದಲ್ಲಿ ನಿಮಿಷಕ್ಕೆ 100, 80, 53, 40, 20 ಮತ್ತು 10 ಮಿಲಿಲೀಟರ್. ಮೂತ್ರಪಿಂಡದ ಶೋಧನೆ ಅರ್ಧಕ್ಕೆ ಇಳಿದರೆ ಕ್ರಿಯಾಟಿನಿನ್ ಸುಮಾರು ಇಮ್ಮಡಿಯಾಗುತ್ತದೆ ಎಂಬ ವಿಲೋಮ ಸಂಬಂಧವೇ ಈ ಅಂಕಿಗಳ ಆಧಾರ.

ಸ್ಕ್ಯಾಟರ್ ಪ್ಲಾಟ್‌ನಲ್ಲಿ ಬಿಂದುಗಳು ಎಡಗಡೆ ಕಡಿದಾಗಿ ಇಳಿದು, ಬಲಕ್ಕೆ ಹೋದಂತೆ ಚಪ್ಪಟೆಯಾಗುವ ವಕ್ರರೇಖೆಯಾಗಿ ಕಾಣುತ್ತವೆ. ಪಿಯರ್ಸನ್ ಗುಣಾಂಕ -0.82 ಬಂತು; 8.0ರ ಬಿಂದುವೊಂದನ್ನು ತೆಗೆದರೆ ಅದು -0.89 ಆಗುತ್ತದೆ. ಸ್ಪಿಯರ್‌ಮನ್ ಗುಣಾಂಕ ಎರಡೂ ಸಲ -1. ಬಿಂದುಗಳಲ್ಲಿ ಚೆದುರುವಿಕೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆಯಿದ್ದರೂ ಪಿಯರ್ಸನ್ ಕುಗ್ಗುವುದು, ಅದು ಸರಳರೇಖೆಯೊಂದನ್ನೇ ಹುಡುಕುವುದರಿಂದ. ಹೀಗಾಗಿ -0.82 ಅನ್ನು ನೋಡಿ ಸಂಬಂಧ ಸಡಿಲವಾಗಿದೆ ಎಂದು ಓದುವುದು ತಪ್ಪಾಗುತ್ತದೆ.

ಆದರೂ ಸ್ಪಿಯರ್‌ಮನ್ ಗೆದ್ದಿತೆಂದು ನಾನು ಹೇಳಲಾರೆ. ಕ್ರಿಯಾಟಿನಿನ್ 0.8ರಿಂದ 1.0ಕ್ಕೆ ಏರಿದಾಗ ಕ್ಲಿಯರೆನ್ಸ್ 20 ಮಿಲಿಲೀಟರ್ ಕುಸಿಯುತ್ತದೆ, 4.0ರಿಂದ 8.0ಕ್ಕೆ ಏರಿದಾಗ ಕುಸಿಯುವುದು 10 ಮಾತ್ರ. ಶ್ರೇಣಿಯ ಲೆಕ್ಕದಲ್ಲಿ ಇವೆರಡೂ ಒಂದೊಂದು ಮೆಟ್ಟಿಲಷ್ಟೇ ಆದ್ದರಿಂದ, ವೈದ್ಯರಿಗೆ ನಿಜವಾಗಿ ಬೇಕಾದ ಈ ವ್ಯತ್ಯಾಸ ಅಲ್ಲಿ ಅಳಿಸಿಹೋಗುತ್ತದೆ. ಎರಡೂ ಅಕ್ಷಗಳನ್ನು ಲಾಗರಿದಮ್‌ಗೆ ಬದಲಿಸಿದಾಗ ವಕ್ರರೇಖೆ ನೇರವಾಗಿ, ಪಿಯರ್ಸನ್ ಕೂಡ -1ರ ಹತ್ತಿರ ಬರುತ್ತದೆ, ಮತ್ತು ಆ ರೇಖೆಯ ಇಳಿಜಾರು ಇಮ್ಮಡಿಗೆ ಅರ್ಧ ಎಂಬ ಪ್ರಮಾಣವನ್ನೂ ಹೇಳುತ್ತದೆ. ಸಂಬಂಧದ ಆಕಾರ ಹೀಗೆ ಮೊದಲೇ ತಿಳಿದಿರುವಲ್ಲಿ ನನ್ನ ಆಯ್ಕೆ ಲಾಗರಿದಮ್ ನಂತರದ ಪಿಯರ್ಸನ್. ಆಕಾರ ತಿಳಿಯದೆ, ಏರಿಳಿತದ ದಿಕ್ಕು ಮಾತ್ರ ಬೇಕಾದಾಗ ಸ್ಪಿಯರ್‌ಮನ್.

ನಿಜವಾದ ಮಾದರಿಗಳಲ್ಲಿ ಇನ್ನೊಂದು ತೊಡಕಿದೆ. ಹೆಚ್ಚಿನವರು ಆರೋಗ್ಯವಂತರಾಗಿದ್ದರೆ ಅವರ ಬಿಂದುಗಳೆಲ್ಲ ಸುಮಾರು 0.6ರಿಂದ 1.2ರ ನಡುವೆ ಒತ್ತೊತ್ತಾಗಿ ಬೀಳುತ್ತವೆ. ಅಲ್ಲಿ ಅಳತೆಯ ಸಣ್ಣ ದೋಷ ಮತ್ತು ಸ್ನಾಯುರಾಶಿಯ ವ್ಯತ್ಯಾಸಗಳೇ ಶ್ರೇಣಿಗಳನ್ನು ಅದಲುಬದಲು ಮಾಡಿ ಸ್ಪಿಯರ್‌ಮನ್ ಗುಣಾಂಕವನ್ನು ಕೆಳಗೆಳೆಯುತ್ತವೆ. ಅದೇ ಮಾದರಿಯಲ್ಲಿ ದೂರದ ಕೆಲವೇ ರೋಗಿಗಳ ಬಿಂದುಗಳು ಪಿಯರ್ಸನ್ ಅನ್ನು ಎತ್ತಿ ಹಿಡಿದಿರಬಹುದು. ಎರಡು ಗುಣಾಂಕಗಳ ನಡುವೆ ದೊಡ್ಡ ಅಂತರ ಕಂಡಾಗ ನಾನು ಆ ದಟ್ಟ ಗುಂಪನ್ನು ಮಾತ್ರ ಹಿಗ್ಗಿಸಿ ಮತ್ತೊಂದು ಸ್ಕ್ಯಾಟರ್ ಪ್ಲಾಟ್ ಬಿಡಿಸುತ್ತೇನೆ. ಅದರಲ್ಲಿ ಇಳಿಜಾರೇ ಕಾಣದಿದ್ದರೆ, ಆ ವ್ಯಾಪ್ತಿಯಲ್ಲಿ ಒಂದು ಅಳತೆಯಿಂದ ಇನ್ನೊಂದನ್ನು ಊಹಿಸಲು ಸಾಧ್ಯವಿಲ್ಲ ಎಂದು ವರದಿಯಲ್ಲಿ ಪ್ರತ್ಯೇಕವಾಗಿ ಬರೆಯುತ್ತೇನೆ.